ಇಪ್ಪತ್ತು ಸೆಕೆಂಡಲ್ಲಿ ಏನು ಹೇಳಬೇಕು, ಏನು ಬಚ್ಚಿಡಬೇಕು?

ಕಾಲೇಜು ಫೆಸ್ಟ್‌ಗಳ ಸೀಸನ್ ಶುರುವಾದರೆ ಸಾಕು, ಎಲ್ಲರ ಸ್ಟೇಟಸ್‌ನಲ್ಲೂ ಟೀಸರ್‌ಗಳದ್ದೇ ದರ್ಬಾರು. ಡ್ರೋನ್ ಮೇಲೇಳುತ್ತದೆ, ಕಾಲೇಜಿನ ಕಟ್ಟಡ ಕಾಣುತ್ತದೆ, ಲೋಗೊ ತಿರುಗುತ್ತದೆ, ಯಾವುದೋ ಸಿನಿಮಾದ ಮಾಸ್ ಬಿಜಿಎಂ ಮೊಳಗುತ್ತದೆ. ಇಪ್ಪತ್ತು ಸೆಕೆಂಡ್ ಮುಗಿಯುವಷ್ಟರಲ್ಲಿ ಯಾವ ಕಾಲೇಜು ಎನ್ನುವುದೇ ಮರೆತಿರುತ್ತದೆ. ಲೈಕ್ ಬರುತ್ತವೆ, ಟಿಕೆಟ್ ಮಾತ್ರ ಕೌಂಟರ್‌ನಲ್ಲೇ ಉಳಿಯುತ್ತವೆ. ತಪ್ಪು ಕ್ಯಾಮೆರಾದ್ದಲ್ಲ, ಸ್ಕ್ರಿಪ್ಟ್‌ನದ್ದು ಎಂಬುದು ನನ್ನ ವಾದ.

ನಾನು ಓದುವುದು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ. ನಮ್ಮ ಫೆಸ್ಟ್‌ಗೆ ದೊಡ್ಡ ಪ್ರಾಯೋಜಕರಿಲ್ಲ. ಬಯಲು ರಂಗಮಂದಿರದಲ್ಲಿ 600 ಜನ ಕೂರಬಹುದು, ಟಿಕೆಟ್‌ಗೆ 150 ರೂಪಾಯಿ. ಸೌಂಡು, ಲೈಟು, ಜನರೇಟರ್ ಎಲ್ಲಾ ಸೇರಿ 60 ಸಾವಿರ ಬಾಡಿಗೆ. ಅಂದರೆ 400 ಟಿಕೆಟ್ ಹೋದರೆ ಲೆಕ್ಕ ಸಮ. ಅದಕ್ಕಿಂತ ಕಡಿಮೆಯಾದರೆ ಸಮಿತಿಯ ಹುಡುಗ ಹುಡುಗಿಯರು ಜೇಬಿನಿಂದ ಹಾಕಬೇಕು. ನಮ್ಮ ಕಾಲೇಜಿನವರು ಹೇಗೂ ಬರುತ್ತಾರೆ. ಹೊರಗಿನ ಕಾಲೇಜಿನವರು ಬರಬೇಕಾದರೆ ಅವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಆ ಇಪ್ಪತ್ತು ಸೆಕೆಂಡ್ ಮಾತ್ರ. ಹಾಗಾಗಿ ಟೀಸರ್ ನಮಗೆ ಅಲಂಕಾರವಲ್ಲ, ಬಾಡಿಗೆ ಕಟ್ಟುವ ದಾರಿ.

ಸಮಿತಿಗೆ ಬಂದ ಮೊದಲ ಕರಡು ಹೀಗಿತ್ತು: ‘ಬಹುನಿರೀಕ್ಷಿತ, ಅದ್ಧೂರಿ ಸಾಂಸ್ಕೃತಿಕ ಉತ್ಸವ ಮತ್ತೆ ನಿಮ್ಮ ಮುಂದೆ! ನೃತ್ಯ, ಸಂಗೀತ, ನಾಟಕ, ಫ್ಯಾಷನ್ ಷೋ, ಜನಪದ ಕಲೆಗಳ ರಸದೌತಣ. ಬನ್ನಿ, ಭಾಗವಹಿಸಿ, ಆನಂದಿಸಿ!’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಕ್ಕದ ಊರಿನ ಕಾಲೇಜಿನ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಿಲ್ಲ. ಟೀಸರ್ ಸ್ಕ್ರಿಪ್ಟ್‌ಗೆ ಇದೇ ಮೊದಲ ಪರೀಕ್ಷೆ. ಕಾಲೇಜಿನ ಹೆಸರು ಬದಲಿಸಿ ಓದಿ ನೋಡಿ, ಆಗಲೂ ಸರಿಹೋದರೆ ಅದು ನಿಮ್ಮ ಟೀಸರ್ ಅಲ್ಲ. ಎಂಟು ಕಾರ್ಯಕ್ರಮಗಳ ಪಟ್ಟಿ ಹೇಳಿದರೆ ಒಂದೊಂದಕ್ಕೆ ಎರಡು ಸೆಕೆಂಡ್ ಸಿಗುವುದೂ ಕಷ್ಟ, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪಟ್ಟಿ ಪೋಸ್ಟರ್‌ಗಿರಲಿ. ಟೀಸರ್‌ಗೆ ಒಂದೇ ವಿಷಯ ಸಾಕು, ಅದು ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಸಿಗದಂಥದ್ದಾಗಿರಬೇಕು.

ನಮ್ಮಲ್ಲಿ ಅಂಥದ್ದೊಂದಿತ್ತು. 24 ಹುಡುಗಿಯರ ಡೊಳ್ಳು ಕುಣಿತದ ತಂಡ. ಬಾಕಿ ಎಲ್ಲವನ್ನೂ ಪಕ್ಕಕ್ಕಿಟ್ಟು ಅದೊಂದನ್ನೇ ಹಿಡಿದುಕೊಂಡೆವು.

ಇಲ್ಲಿ ಒಂದು ಲೆಕ್ಕ ಬೇಕು. ಇಂಗ್ಲಿಷ್‌ನಲ್ಲಿ ಸ್ಕ್ರಿಪ್ಟ್ ಬರೆಯುವವರು ಪದ ಎಣಿಸುತ್ತಾರೆ. ಕನ್ನಡದಲ್ಲಿ ಆ ಲೆಕ್ಕ ಕೈಕೊಡುತ್ತದೆ, ಏಕೆಂದರೆ ನಮ್ಮ ಒಂದು ಪದದಲ್ಲಿ ಎರಡಕ್ಷರವೂ ಇರಬಹುದು, ‘ಭಾಗವಹಿಸಬೇಕಾಗಿದೆ’ ಎಂಬಂತೆ ಒಂಬತ್ತೂ ಇರಬಹುದು. ಆದ್ದರಿಂದ ಅಕ್ಷರ ಎಣಿಸುವುದೇ ಸರಿ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಸ್ಪಷ್ಟವಾಗಿ ಓದಿದಾಗ ನಮ್ಮ ನಿರೂಪಕಿಗೆ ಸೆಕೆಂಡಿಗೆ ಸುಮಾರು ಆರಕ್ಷರ ಬಂತು. ಇಪ್ಪತ್ತು ಸೆಕೆಂಡಿಗೆ 120. ಆದರೆ ಅಷ್ಟನ್ನೂ ತುಂಬಿದರೆ ಉಸಿರಾಡಲೂ ಜಾಗವಿರದು, ಡೊಳ್ಳಿನ ಸದ್ದಿಗಂತೂ ಇಲ್ಲವೇ ಇಲ್ಲ. ಅದಕ್ಕೇ 70 ಅಕ್ಷರಕ್ಕೆ ಗೆರೆ ಎಳೆದೆವು. ಮಾತಿಗೆ 12 ಸೆಕೆಂಡ್, ಉಳಿದ 8 ಸೆಕೆಂಡ್ ಡೊಳ್ಳಿಗೆ.

ಕೊನೆಗೆ ಉಳಿದ ಸ್ಕ್ರಿಪ್ಟ್ ಇದು.

0ಯಿಂದ 2 ಸೆಕೆಂಡ್: ಪರದೆ ಪೂರ್ತಿ ಒಂದೇ ಡೊಳ್ಳು, ತೀರಾ ಹತ್ತಿರದಿಂದ. ಗುಣಿ ಬೀಳುತ್ತದೆ, ಒಂದೇ ಏಟು. ಮಾತಿಲ್ಲ.

2ರಿಂದ 5: ‘ಒಂದು ಡೊಳ್ಳು ಬಡಿದರೆ ಎದೆ ನಡುಗುತ್ತೆ.’

5ರಿಂದ 8: ‘ಇಪ್ಪತ್ತನಾಲ್ಕು ಡೊಳ್ಳು ಒಟ್ಟಿಗೆ ಬಡಿದರೆ?’

8ರಿಂದ 12: ಮಾತಿಲ್ಲ. ಸೊಂಟಕ್ಕೆ ಬಟ್ಟೆ ಬಿಗಿಯುವ ಕೈ, ಹೆಗಲಿಗೇರುವ ಡೊಳ್ಳು, ಸಾಲಾಗಿ ನಿಂತ ಪಾದಗಳು, ಒಟ್ಟಿಗೆ ಮೇಲೆದ್ದ 24 ಗುಣಿಗಳು. ಏಟು ಬೀಳುವ ಮುಂಚೆ ಪರದೆ ಕಪ್ಪಾಗುತ್ತದೆ.

12ರಿಂದ 15: ‘ಏಟು ಬೀಳೋದು ಶನಿವಾರ ಸಂಜೆ ಆರಕ್ಕೆ.’ ಪರದೆಯ ಮೇಲೆ ದಿನಾಂಕ, ಸಮಯ.

15ರಿಂದ 20: ‘ಕಾಲೇಜು ಬಯಲು ರಂಗಮಂದಿರ. ಟಿಕೆಟ್ ನೂರೈವತ್ತು ರೂಪಾಯಿ. ಲಿಂಕ್ ಕೆಳಗಿದೆ.’ ಅದೇ ಮಾತು ಅಕ್ಷರದಲ್ಲೂ.

ಎಣಿಸಿ ನೋಡಿ, ಎಪ್ಪತ್ತಕ್ಕೆ ಒಂದು ಕಡಿಮೆ.

ಟೀಸರ್ ಎಂದ ಮೇಲೆ ಏನನ್ನಾದರೂ ಬಚ್ಚಿಡಬೇಕು, ಆಗಲೇ ಕುತೂಹಲ. ಟಿಕೆಟ್ ಮಾರಬೇಕೆಂದರೆ ಎಲ್ಲವನ್ನೂ ಹೇಳಬೇಕು, ಆಗಲೇ ಜನ ದುಡ್ಡು ಬಿಚ್ಚುವುದು. ಈ ಎರಡರ ಜಗ್ಗಾಟದಲ್ಲೇ ಹೆಚ್ಚಿನ ಸ್ಕ್ರಿಪ್ಟ್‌ಗಳು ಬೀಳುತ್ತವೆ. ಕೆಲವರು ‘ಶೀಘ್ರದಲ್ಲೇ, ನಿರೀಕ್ಷಿಸಿ’ ಎಂದು ದಿನಾಂಕವನ್ನೇ ಬಚ್ಚಿಡುತ್ತಾರೆ. ನೋಡಿದವನಿಗೆ ಹೋಗಬೇಕೆನಿಸಿದರೂ ಆ ಕ್ಷಣದಲ್ಲಿ ಮಾಡಲು ಏನೂ ಇರುವುದಿಲ್ಲ, ಮರುದಿನ ಮರೆತುಹೋಗುತ್ತದೆ. ಇನ್ನು ಕೆಲವರು ಕಾರ್ಯಕ್ರಮದ ಅತ್ಯುತ್ತಮ ಗಳಿಗೆಯನ್ನೇ ತೋರಿಸಿಬಿಡುತ್ತಾರೆ. ನಾನು ಕಂಡುಕೊಂಡ ಸೂತ್ರ ಸರಳ: ವೇದಿಕೆಯ ಮೇಲೆ ಆಗುವುದನ್ನು ಬಚ್ಚಿಡಿ. ಯಾವಾಗ, ಎಲ್ಲಿ, ಎಷ್ಟು, ಹೇಗೆ ಎಂಬ ನಾಲ್ಕನ್ನು ಎಂದೂ ಬಚ್ಚಿಡಬೇಡಿ. ನಮ್ಮ ಸ್ಕ್ರಿಪ್ಟ್‌ನಲ್ಲಿ ಬಚ್ಚಿಟ್ಟದ್ದು 24 ಡೊಳ್ಳಿನ ಆ ಒಂದು ಏಟನ್ನು ಮಾತ್ರ. ಅದನ್ನು ಕೇಳಬೇಕೆಂದರೆ ಬರಲೇಬೇಕು.

ಆ ನಾಲ್ಕರಲ್ಲಿ ‘ಹೇಗೆ’ ಎಂಬುದೇ ಹೆಚ್ಚು ಕೆಡುವುದು. ಸುಮಾರು ಟೀಸರ್‌ಗಳ ಕೊನೆಯಲ್ಲಿ ದೊಡ್ಡದೊಂದು ಕ್ಯೂಆರ್ ಕೋಡ್ ಇರುತ್ತದೆ. ಪೋಸ್ಟರ್‌ನಲ್ಲಿ ಅದು ಸರಿ. ಆದರೆ ವಿಡಿಯೊ ನೋಡುತ್ತಿರುವುದೇ ಮೊಬೈಲ್‌ನಲ್ಲಿ. ಅದೇ ಮೊಬೈಲ್‌ನ ಕ್ಯಾಮೆರಾದಿಂದ ಅದರದ್ದೇ ಪರದೆಯನ್ನು ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಗೆ ಹೋಗಿ, ಅಲ್ಲಿಂದ ಸ್ಕ್ಯಾನ್ ಮಾಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಒತ್ತಿದರೆ ತೆರೆದುಕೊಳ್ಳುವ ಲಿಂಕೇ ಬೇಕು. ಅಲ್ಲೂ ಒಂದು ತೊಡಕಿದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಜತೆ ಬರೆದ ಲಿಂಕ್ ಒತ್ತಿದರೆ ತೆರೆದುಕೊಳ್ಳುತ್ತದೆ, ಇನ್‌ಸ್ಟಾಗ್ರಾಂ ರೀಲ್‌ನ ಕೆಳಗೆ ಬರೆದ ಲಿಂಕ್ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಕೊನೆಯ ವಾಕ್ಯವನ್ನು ಎರಡು ಸಲ ರೆಕಾರ್ಡ್ ಮಾಡಬೇಕು: ಒಂದಕ್ಕೆ ‘ಲಿಂಕ್ ಕೆಳಗಿದೆ’, ಇನ್ನೊಂದಕ್ಕೆ ‘ಲಿಂಕ್ ಬಯೋದಲ್ಲಿದೆ’. ಎರಡಕ್ಕೂ ಒಂದೇ ವಿಡಿಯೊ ಹಾಕಿದರೆ ಒಂದು ಕಡೆ ಸುಳ್ಳು ಹೇಳಿದಂತೆ.

ಇನ್ನು ಸದ್ದು. ಬಸ್ಸಿನಲ್ಲಿ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನಮ್ಮವರು ಸ್ಟೇಟಸ್ ನೋಡುವುದು ಮ್ಯೂಟ್ ಮಾಡಿಕೊಂಡೇ. ಅದಕ್ಕಾಗಿ ಆಡಿದ ಪ್ರತಿ ಮಾತೂ ಪರದೆಯ ಮೇಲೆ ಅಕ್ಷರವಾಗಿ ಬರಬೇಕು. ಅಕ್ಷರ ದಪ್ಪಗಿರಲಿ, ಪರದೆಯ ನಡುಭಾಗದಲ್ಲಿರಲಿ. ರೀಲ್‌ನ ಕೆಳಭಾಗವನ್ನು ಖಾತೆಯ ಹೆಸರು ಮತ್ತು ಬರಹ ಮುಚ್ಚುತ್ತವೆ, ಬಲಬದಿಯನ್ನು ಲೈಕ್, ಶೇರ್ ಗುಂಡಿಗಳು. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುವುದರಿಂದ ತೆಳ್ಳನೆಯ ಒತ್ತಕ್ಷರಗಳು ಮೊದಲು ಮಸುಕಾಗುತ್ತವೆ.

ಸದ್ದು ಹಾಕಿಕೊಂಡು ನೋಡುವವರಿಗೂ ಒಂದು ಮೋಸ ಕಾದಿರುತ್ತದೆ. ಡೊಳ್ಳಿನ ಶಕ್ತಿ ಇರುವುದು ಅದರ ತಗ್ಗಿನ ಗುಡುಗಿನಲ್ಲಿ. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಆ ಗುಡುಗು ದಕ್ಕುವುದೇ ಇಲ್ಲ. ಹೆಡ್‌ಫೋನ್ ಹಾಕಿ ಎಡಿಟ್ ಮಾಡಿದವರಿಗೆ ರೋಮಾಂಚನವಾದದ್ದು ಮೊಬೈಲ್‌ನಲ್ಲಿ ರಟ್ಟಿನ ಡಬ್ಬ ಬಡಿದಂತೆ ಕೇಳುತ್ತದೆ. ನಾವು ಗುಣಿ ಚರ್ಮಕ್ಕೆ ತಾಗುವ ‘ಟಪ್’ ಎನ್ನುವ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಮೇಲೆ ಸೇರಿಸಿದೆವು, ಆಗ ಏಟು ಏಟಿನಂತೆ ಕೇಳಿತು. ಇಡೀ ತಂಡ ಬಾರಿಸುವಾಗ ಮೊಬೈಲನ್ನು ಪಕ್ಕದಲ್ಲೇ ಹಿಡಿದರೆ ಸದ್ದು ಒಡೆದು ಕರಕರ ಎನ್ನುತ್ತದೆ. ಹತ್ತು ಹದಿನೈದು ಅಡಿ ದೂರ ನಿಲ್ಲಬೇಕು. ನಮ್ಮದೇ ಸದ್ದು ಬಳಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ಸಿನಿಮಾ ಹಾಡು ಹಾಕಿದ ವಿಡಿಯೊವನ್ನು ಕೃತಿಸ್ವಾಮ್ಯದ ಕಾರಣಕ್ಕೆ ಮೂಕವಾಗಿಸುವುದೋ ತೆಗೆದುಹಾಕುವುದೋ ಉಂಟು. ಟಿಕೆಟ್ ಮಾರುವ ವಾರದಲ್ಲಿ ಹಾಗಾದರೆ ಗತಿಯೇನು? ನಮ್ಮ ಡೊಳ್ಳಿಗೆ ಆ ಭಯವಿರಲಿಲ್ಲ.

ಒಂದು ಮಾತನ್ನು ಖಾರವಾಗಿಯೇ ಹೇಳಬೇಕು. ಬೇರೆ ಯಾವುದೋ ಸಂಗೀತ ಕಾರ್ಯಕ್ರಮದ ಜನಸಾಗರದ ದೃಶ್ಯ ತಂದು ಅಂಟಿಸುವುದು, ಒಪ್ಪಂದವೇ ಆಗದ ನಟನ ನೆರಳು ತೋರಿಸಿ ‘ಯಾರು ಬರ್ತಿದ್ದಾರೆ ಗೊತ್ತಾ?’ ಎನ್ನುವುದು ಕ್ರಿಯೇಟಿವಿಟಿ ಅಲ್ಲ, ಮೋಸ. ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟ ಮೇಲೆ ಟೀಸರ್ ಒಂದು ಜಾಹೀರಾತು. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾತಿದೆ. ಕಾಯ್ದೆ ಹಾಗಿರಲಿ, 150 ರೂಪಾಯಿ ಒಬ್ಬ ವಿದ್ಯಾರ್ಥಿಗೆ ಎಷ್ಟು ದಿನದ ಊಟ ಎನ್ನುವುದು ನಮಗೆ ಗೊತ್ತಲ್ಲ! ನಮ್ಮ ತಂಡದಲ್ಲಿ ಪರೀಕ್ಷೆಯ ಕಾರಣಕ್ಕೆ ನಾಲ್ವರು ಬರುವುದು ಅನುಮಾನ ಎಂದಾಗ, ಟೀಸರ್‌ನಲ್ಲಿ ‘ಇಪ್ಪತ್ತು’ ಎಂದೇ ಇನ್ನೊಂದು ಧ್ವನಿ ರೆಕಾರ್ಡ್ ಮಾಡಿಟ್ಟುಕೊಂಡೆವು. 24 ಮಂದಿಯೂ ಖಚಿತಪಡಿಸಿದ ಮೇಲೆಯೇ ಮೊದಲಿನದನ್ನು ಬಿಟ್ಟದ್ದು.

ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ವ್ಯೂ ಎಣಿಸಬೇಡಿ. ರೀಲ್‌ಗೊಂದು, ವಾಟ್ಸ್‌ಆ್ಯಪ್‌ಗೊಂದು ಬೇರೆ ಬೇರೆ ಟಿಕೆಟ್ ಫಾರ್ಮ್ ಮಾಡಿ, ಯಾವುದರಿಂದ ಎಷ್ಟು ಟಿಕೆಟ್ ಬಂತು ನೋಡಿ. ನಮ್ಮಲ್ಲಿ ರೀಲ್ ನೋಡಿದವರೇ ಹೆಚ್ಚು, ಕೊಂಡವರು ಹೆಚ್ಚು ಬಂದದ್ದು ವಾಟ್ಸ್‌ಆ್ಯಪ್‌ನಿಂದ. ಕಾರಣ ಸರಳ. ಆ 24 ಹುಡುಗಿಯರು ತಮ್ಮ ತಮ್ಮ ಸ್ಟೇಟಸ್‌ಗೆ ಹಾಕಿದ್ದರು. ಗುರುತಿನವರು ಡೊಳ್ಳು ಹಿಡಿದು ನಿಂತಿದ್ದಾರೆಂದರೆ ನೋಡಲು ಬಾರದವರು ಯಾರು?

ಬಿಡುಗಡೆಗೆ ಮುಂಚೆ ಮಾಡಬೇಕಾದ ಕೊನೆಯ ಕೆಲಸಕ್ಕೆ ಖರ್ಚಿಲ್ಲ. ಬೇರೆ ಕಾಲೇಜಿನ ಒಬ್ಬರಿಗೆ ಟೀಸರನ್ನು ಒಮ್ಮೆ ಮಾತ್ರ, ಸದ್ದಿಲ್ಲದೆ ತೋರಿಸಿ. ಮೊಬೈಲ್ ವಾಪಸ್ ಇಸಿದುಕೊಂಡು ಕೇಳಿ: ಯಾವತ್ತು? ಎಲ್ಲಿ? ಎಷ್ಟು? ಟಿಕೆಟ್ ಹೇಗೆ ತಗೋತೀರಿ? ನಾಲ್ಕಕ್ಕೂ ಉತ್ತರ ಬಂದು, ಜತೆಗೆ ‘ಆಮೇಲೆ ಏನಾಗುತ್ತೆ?’ ಎಂದು ಅವರೇ ತಿರುಗಿ ಕೇಳಿದರೆ ಸ್ಕ್ರಿಪ್ಟ್ ಸಿದ್ಧವಾಗಿದೆ. ‘ಎಡಿಟಿಂಗ್ ಸೂಪರ್’ ಎಂದಷ್ಟೇ ಹೇಳಿದರೆ ಮತ್ತೆ ಬರೆಯಲು ಕೂರಿ.