ಸೆಂಟ್ರಿಂಗ್ ಹಾಳೆಗೆ 50: ಒಂದು ಸಿಂಹಾವಲೋಕನ

ಕುಂಬಾರವಾಡದಿಂದ ಅಣಶಿ ಘಟ್ಟ ಇಳಿದು ಕದ್ರಾ ಮುಟ್ಟಿದರೆ ಕೈಗಾ ದೂರವಿಲ್ಲ. 1994ರ ಮೇ 13ರಂದು ಅಲ್ಲಿನ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದ ಒಳಗುಮ್ಮಟದಲ್ಲಿ ಕೇಬಲ್ ಬಿಗಿಯುವ ಕೆಲಸ ನಡೆದಿತ್ತು. ಆಗಲೇ ಕಾಂಕ್ರೀಟಿನ ಕೆಳಪದರ ಸೀಳಿ ಕೆಳಗೆ ಬಿತ್ತು. ಅದು ಸೆಂಟ್ರಿಂಗ್ ಕುಸಿದ ಪ್ರಕರಣವಲ್ಲ. ಬಾಗಿದ ಕೇಬಲ್‌ಗಳನ್ನು ಎಳೆದಾಗ ಗುಮ್ಮಟದ ದಪ್ಪದ ದಿಕ್ಕಿನಲ್ಲಿ ಹುಟ್ಟುವ ಎಳೆತವನ್ನು ತಡೆಯುವ ಕಬ್ಬಿಣ ಸಾಲದೇ ಹೋಗಿತ್ತು. ಗುಮ್ಮಟವನ್ನು ಮರುವಿನ್ಯಾಸ ಮಾಡಿ, ಹೆಚ್ಚು ಗಟ್ಟಿಯ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆಗೆ ಬರುವಷ್ಟರಲ್ಲಿ 2000 ಆಗಿತ್ತು. ಆದರೂ ಸೆಂಟ್ರಿಂಗ್ ಮಾತಿಗೆ ಅದನ್ನು ಎಳೆದು ತರಲು ಕಾರಣವಿದೆ. ಕಟ್ಟಡಕ್ಕೆ ಕಷ್ಟದ ಗಳಿಗೆ ಬರುವುದು ಮುಗಿದ ಮೇಲಲ್ಲ, ಅರ್ಧಕ್ಕೆ ನಿಂತಾಗ. ಆ ಅರ್ಧದ ಲೆಕ್ಕವನ್ನು ಯಾರು ಬರೆಯುತ್ತಾರೆ?

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಎದ್ದದ್ದು 1972ರ ಅಕ್ಟೋಬರ್ 24ರಂದು ಲಾಡನ್ ನದಿಯ ಸೇತುವೆಯ ಆಧಾರಗಳು ಕಾಂಕ್ರೀಟ್ ಸುರಿಯುವಾಗಲೇ ಕುಸಿದು 3 ಮಂದಿ ಸತ್ತ ಮೇಲೆ. ಸ್ಟೀಫನ್ ಬ್ರಾಗ್ ಅಧ್ಯಕ್ಷತೆಯ ಸಮಿತಿ 1975ರಲ್ಲಿ ಅಂತಿಮ ವರದಿ ಕೊಟ್ಟಿತು, 1982ರಲ್ಲಿ BS 5975 ಬಂತು. ತಾತ್ಕಾಲಿಕ ಆಧಾರಕ್ಕೂ ವಿನ್ಯಾಸದ ಹಾಳೆ ಬೇಕು, ಬರೆದವನಲ್ಲದ ಇನ್ನೊಬ್ಬ ಅದನ್ನು ಪರಿಶೀಲಿಸಬೇಕು, ಭಾರ ಹಾಕುವ ಮೊದಲು ಒಂದು ಅನುಮತಿ, ಬಿಚ್ಚುವ ಮೊದಲು ಇನ್ನೊಂದು ಎಂಬ ಪದ್ಧತಿಯ ಬೇರು ಅಲ್ಲಿದೆ. ನಮ್ಮಲ್ಲಿ IS 14687 ಬಂದದ್ದು 1999ರಲ್ಲಿ. ಬ್ರಾಗ್ ವರದಿ ಬಂದ ಮೇಲಿನ ಈ ಅವಧಿಯಲ್ಲಿ ನಮ್ಮ ಸೈಟುಗಳು ಸರ್ವೆ ಕಂಬದಿಂದ ಕಬ್ಬಿಣದ ಪ್ರಾಪಿಗೆ, ಅಲ್ಲಿಂದ ಕಪ್‌ಲಾಕ್‌ಗೆ ಬಂದಿವೆ. ಸಾಮಾನು ಬದಲಾಯಿತು. ಹಾಳೆ ಮಾತ್ರ ಎಷ್ಟೋ ಕಡೆ ಕಾಂಕ್ರೀಟ್ ಹಾಕಿದ ಮರುದಿನ ಸಹಿ ಕಾಣುತ್ತದೆ.

ಹಾಳೆ ಏನು ಹೇಳಬೇಕು ಎಂಬುದಕ್ಕೆ ಟ್ರಾನ್ಸ್‌ಫರ್ ಸ್ಲ್ಯಾಬಿಗಿಂತ ಒಳ್ಳೆಯ ಉದಾಹರಣೆ ಸಿಗದು. ಕುಂಬಾರವಾಡದಂಥ ಊರಿನಲ್ಲಿ ಅದಕ್ಕೆ ಕೆಲಸವಿಲ್ಲ, ನಿಜ. ಪೇಟೆಗಳಲ್ಲಿ ಕೆಳಗೆ ಕಾರು ನಿಲ್ಲಿಸಲು, ಮೇಲೆ ಕೋಣೆ ಮಾಡಲು ಹೊರಟಾಗ ಮೇಲಿನ ಕಂಬ ಕೆಳಗಿನ ಕಂಬದ ನೇರಕ್ಕೆ ಬರುವುದಿಲ್ಲ. ನಡುವೆ ಭಾರವನ್ನು ಪಕ್ಕಕ್ಕೆ ದಾಟಿಸುವ ದಪ್ಪ ಸ್ಲ್ಯಾಬ್ ಬೇಕಾಗುತ್ತದೆ. 12 ಮೀಟರ್ ಉದ್ದ, 10 ಮೀಟರ್ ಅಗಲ, 1.5 ಮೀಟರ್ ದಪ್ಪದ ಒಂದನ್ನು ಹಿಡಿಯೋಣ. ಕಬ್ಬಿಣ ತುಂಬಿದ ಹಸಿ ಕಾಂಕ್ರೀಟಿಗೆ ಘನ ಮೀಟರಿಗೆ 2.6 ಟನ್ ಎಂದರೆ ಚದರ ಮೀಟರಿಗೆ 3.9 ಟನ್ ಬಂತು. ಪ್ಲೈವುಡ್, ತೊಲೆಗಳಿಗೆ 0.1, ಜನ ಮತ್ತು ಯಂತ್ರಕ್ಕೆ 0.25 ಸೇರಿಸಿದರೆ 4.25 ಟನ್. ಮನೆಯ 150 ಮಿ.ಮೀ. ಸ್ಲ್ಯಾಬಿಗೆ ಇದೇ ಲೆಕ್ಕ ಮುಕ್ಕಾಲು ಟನ್ನಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಮನೆ ಕಟ್ಟಿ ಪಳಗಿದ ಮೇಸ್ತ್ರಿಯ ಅಂದಾಜು ಇಲ್ಲಿ ಕೈಕೊಡುವುದು ಇದಕ್ಕೇ.

ಕಪ್‌ಲಾಕ್ ಕಾಲುಗಳನ್ನು 0.9 ಮೀಟರಿಗೊಂದರಂತೆ ಎರಡೂ ದಿಕ್ಕಿಗೆ ನಿಲ್ಲಿಸಿದರೆ ಒಂದೊಂದರ ಮೇಲೆ ಸುಮಾರು 3.4 ಟನ್. ಅಂತರವನ್ನು 1.2ಕ್ಕೆ ಸಡಿಲಿಸಿದರೆ ಅದು 6.1 ಟನ್ನಿಗೆ ಜಿಗಿಯುತ್ತದೆ. ಕಾಲು ಎಷ್ಟು ತಾಳುತ್ತದೆ ಎಂಬುದು ಕೊಳವೆಯ ದಪ್ಪಕ್ಕಿಂತ ಹೆಚ್ಚಾಗಿ ಅಡ್ಡಪಟ್ಟಿಗಳ, ಅಂದರೆ ಲೆಡ್ಜರ್‌ಗಳ, ನಡುವಿನ ಎತ್ತರವನ್ನು ನೆಚ್ಚಿಕೊಂಡಿದೆ. 1 ಮೀಟರಿಗೊಂದು ಇರಬೇಕಾದ ಲೆಡ್ಜರ್ 2 ಮೀಟರಿಗೊಂದಾದರೆ ಅದೇ ಕಾಲಿನ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಓಡಾಡಲು ದಾರಿಗೆ ಅಡ್ಡ ಎಂದು ಯಾರೋ ಒಂದು ಲೆಡ್ಜರ್ ಕಳಚುತ್ತಾರೆ. ನೋಡಲು ಏನೂ ವ್ಯತ್ಯಾಸವಿರುವುದಿಲ್ಲ. ತುದಿಯ ಜಾಕನ್ನು ಮಿತಿಮೀರಿ ಹೊರಗೆ ತಿರುಗಿಸಿದಾಗಲೂ ಇದೇ ಕಥೆ.

ಪಕ್ಕದ ಬಲವನ್ನು ಮರೆಯುವವರೇ ಹೆಚ್ಚು. ಇಡೀ ಸ್ಲ್ಯಾಬಿನ ಭಾರ 510 ಟನ್. BS 5975 ಹೇಳುವಂತೆ ಅದರ ಶೇಕಡಾ 2.5ನ್ನಾದರೂ ಅಡ್ಡ ಬಲವೆಂದು ಹಿಡಿದರೆ ಸುಮಾರು 12.75 ಟನ್. ವಾಲಿದ ಕಾಲು, ಪಂಪಿನ ಪೈಪಿನ ಹೊಡೆತ, ಗಾಳಿ ಎಲ್ಲ ಸೇರಿ ಅಷ್ಟನ್ನು ತಳ್ಳಬಹುದು. ಅದನ್ನು ಹೊರುವುದು ಓರೆ ಬ್ರೇಸಿಂಗ್, ಇಲ್ಲವೇ ಈಗಾಗಲೇ ಗಟ್ಟಿಯಾದ ಕಂಬಗಳಿಗೆ ಬಿಗಿದ ಕಟ್ಟು. ನಕಾಶೆಯಲ್ಲಿ ಓರೆಗೆರೆ ಕಾಣದ ಸೆಂಟ್ರಿಂಗ್ ಹಾಳೆಯನ್ನು ನಾನಾದರೆ ಓದದೆಯೇ ವಾಪಸ್ ಕಳಿಸುತ್ತೇನೆ.

ಅಸಲು ತೊಡಕು ಕಾಲಿನ ಬುಡದಲ್ಲಿದೆ. ಕೆಳಗಿರುವುದು ಕಾರು ನಿಲ್ಲಿಸುವ ಸ್ಲ್ಯಾಬ್. ಅದರ ವಿನ್ಯಾಸದಲ್ಲಿ ಹಿಡಿದ ಭಾರ ಚದರ ಮೀಟರಿಗೆ ಕಾಲು ಟನ್ನೋ ಅರ್ಧ ಟನ್ನೋ. ಅದರ ಮೇಲೆ 4.25 ಟನ್ ಇಡುತ್ತಿದ್ದೇವೆ. ಹಾಗಾಗಿ ಅದರ ಕೆಳಗೂ ಪ್ರಾಪ್, ಅದರ ಕೆಳಗಿನ ಮಹಡಿಗೂ ಪ್ರಾಪ್, ಹೀಗೆ ಅಡಿಪಾಯದವರೆಗೆ ಇಳಿಯಬೇಕು. ಮೇಲಿನ ಕಾಲಿನ ನೇರಕ್ಕೇ ಕೆಳಗಿನ ಕಾಲು ಬರಬೇಕು, ತಪ್ಪಿದರೆ ನಡುವಿನ ತೆಳು ಸ್ಲ್ಯಾಬನ್ನು ಕಾಲೇ ತೂರಿ ಹೋಗಬಹುದು. ತಳದಲ್ಲಿ ಮಣ್ಣಿದ್ದರೆ ಇನ್ನೂ ಕಷ್ಟ. 150 ಮಿ.ಮೀ. ಚೌಕದ ಬೇಸ್ ಪ್ಲೇಟಿನಡಿ 3.4 ಟನ್ ಎಂದರೆ ಚದರ ಮೀಟರಿಗೆ 150 ಟನ್ನಿನ ಒತ್ತಡ. ಮಣ್ಣಿಗೆ 10 ಟನ್ನಷ್ಟೇ ನಂಬಿಕೆಯಿದ್ದರೆ ಪ್ರತಿ ಕಾಲಿಗೂ 0.6 ಮೀಟರ್ ಚೌಕದ ಹಾಸು ಬೇಕು. ಜೋಯಿಡಾದ ಮಳೆ ಕಂಡವರಿಗೆ ಬೇಸಿಗೆಯ ಮಣ್ಣು ಆಷಾಢದಲ್ಲಿ ಅದೇ ಮಣ್ಣಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ನೀರು ಹರಿದು ಹೋಗುವ ದಾರಿಯೂ ಹಾಳೆಯಲ್ಲಿರಬೇಕು.

ಭಾರ ತಗ್ಗಿಸಲು ಎರಡು ಪದರದಲ್ಲಿ ಹಾಕುವ ಉಪಾಯವಿದೆ. ಮೊದಲು 0.6 ಮೀಟರ್ ಹಾಕಿದರೆ ಆ ಹೊತ್ತಿಗೆ ಚದರ ಮೀಟರಿಗೆ 1.9 ಟನ್ ಮಾತ್ರ. ಅದು ಗಟ್ಟಿಯಾದ ಮೇಲೆ ಉಳಿದದ್ದರ ಒಂದು ಪಾಲನ್ನು ತಾನೇ ಹೊರುತ್ತದೆ. ಆದರೆ ಎಷ್ಟು ಪಾಲು ಎಂಬುದು ಕೆಳಗಿನ ಪ್ರಾಪುಗಳ ಬಿಗಿತದ ಮೇಲೂ ನಿಂತಿದೆ. ಪದರಗಳ ನಡುವಿನ ಒರಟುತನ, ಅಲ್ಲಿ ಹಾದುಹೋಗುವ ಲಂಬ ಕಬ್ಬಿಣ ಇವು ಕಟ್ಟಡದ ವಿನ್ಯಾಸಕಾರರ ಒಪ್ಪಿಗೆಯಿಲ್ಲದೆ ತೀರ್ಮಾನವಾಗುವ ವಿಷಯಗಳಲ್ಲ. ಗುತ್ತಿಗೆದಾರನ ಅನುಕೂಲಕ್ಕೆ ಹೊಳೆದ ಉಪಾಯ ಕಾಯಂ ಕಟ್ಟಡದ ಲೆಕ್ಕವನ್ನೇ ಬದಲಿಸುವುದು ಹೀಗೆ.

ಸಹಿಯ ವಿಷಯ. ವಿನ್ಯಾಸ ಬರೆದವನ ಸಹಿ ಒಂದು. ಇಷ್ಟು ಭಾರದ ಕೆಲಸಕ್ಕೆ ಪರಿಶೀಲಕ ಬೇರೆ ಸಂಸ್ಥೆಯವನಾಗಿದ್ದು, ಮೊದಲಿನವನ ಲೆಕ್ಕ ತಿದ್ದದೆ ತಾನೇ ಹೊಸದಾಗಿ ಲೆಕ್ಕ ಹಾಕಬೇಕು. ಮೂರನೆಯದು ಸೈಟಿನಲ್ಲಿ ಕಾಲು ಕಾಲಿಗೂ ಹೋಗಿ ಹಾಳೆಯೊಂದಿಗೆ ಹೋಲಿಸಿ ನೋಡಿದವನದು: ಲೆಡ್ಜರ್ ಇದೆಯೇ, ಜಾಕ್ ಎಷ್ಟು ಹೊರಬಂದಿದೆ, ತೊಲೆ ಯು-ಹೆಡ್ಡಿನ ನಡುವೆ ಕೂತಿದೆಯೇ. ಈ ಮೂರನೆಯ ಸಹಿಗೆ ಕಾಂಕ್ರೀಟ್ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸುವ ಅಧಿಕಾರವಿಲ್ಲದಿದ್ದರೆ ಮೊದಲಿನ ಎರಡಕ್ಕೂ ಬೆಲೆಯಿಲ್ಲ. ನಮ್ಮಲ್ಲಿ ಕೊರತೆಯಿರುವುದು ಇಲ್ಲೇ: ಆ ಸಹಿ ಹಾಕುವವನು ಸಾಮಾನ್ಯವಾಗಿ ಕೆಲಸ ಬೇಗ ಮುಗಿಸಬೇಕಾದವನ ಸಂಬಳದ ಆಳು.

ಬಿಚ್ಚುವಾಗ ಇದೇ ಜಗಳ ಮತ್ತೆ ಬರುತ್ತದೆ. IS 456 ಪ್ರಕಾರ 4.5 ಮೀಟರಿಗಿಂತ ಅಗಲದ ಸ್ಲ್ಯಾಬಿನ ಪ್ರಾಪಿಗೆ 14 ದಿನ, 6 ಮೀಟರಿಗಿಂತ ಉದ್ದದ ಬೀಮಿಗೆ 21 ದಿನ. ಟ್ರಾನ್ಸ್‌ಫರ್ ಸ್ಲ್ಯಾಬಿಗೆ ಆ ಎಣಿಕೆ ಕನಿಷ್ಠ ಮಾತ್ರ. ಪ್ರಾಪ್ ತೆಗೆಯುವಷ್ಟರಲ್ಲಿ ಮೇಲೆ ಎಷ್ಟು ಮಹಡಿ ಏರಿರುತ್ತದೆ ಎಂಬುದರ ಮೇಲೆ ದಿನ ನಿಗದಿಯಾಗಬೇಕು, ಸೈಟಿನಲ್ಲೇ ಇಟ್ಟ ಕ್ಯೂಬುಗಳ ಬಲ ನೋಡಿ ಅನುಮತಿ ಬರೆಯಬೇಕು. ನಡುವಿನಿಂದ ಶುರುಮಾಡಿ ಕಂಬದ ಕಡೆಗೆ, ಒಂದು ಸಾಲಿನ ಜಾಕನ್ನು ಒಂದೇ ಸಲ ಪೂರ್ತಿ ಇಳಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ, ಪ್ರತಿ ಹಂತಕ್ಕೂ ಲೆವೆಲ್ ಹಿಡಿದು ಬಾಗನ್ನು ಬರೆದುಕೊಳ್ಳಬೇಕು. ಲೆಕ್ಕಕ್ಕಿಂತ ಹೆಚ್ಚು ಬಾಗಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ವಿನ್ಯಾಸಕಾರರಿಗೆ ಫೋನ್ ಮಾಡಬೇಕು. ಆ ಫೋನ್ ನಂಬರೂ ಹಾಳೆಯ ಮೊದಲ ಪುಟದಲ್ಲೇ ಇರಲಿ.