ಗೆರೆ ಅಡ್ಡ ಬಂದ್ರೆ ಹೆಸರು ಅದಲು ಬದಲು ಮಾಡಿ

ಶನಿವಾರ ಸಂಜೆ ಚಿಕ್ಕಜಾಲದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ವಿಜ್ಞಾನದ ಟೆಸ್ಟ್ ಪೇಪರ್ ಹಿಡ್ಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. "ಮಾಮ, ಹೃದಯ ಚೆನ್ನಾಗೇ ಬರೆದಿದೀನಿ. ಭಾಗ ಗುರುತಿಸಿದ್ದಕ್ಕೆ ಮಾರ್ಕ್ಸ್ ಕಟ್ ಮಾಡಿದಾರೆ."

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆದ್ರೆ ಹಾಳೆಯ ಬಲಗಡೆ, ಅಂದ್ರೆ ಹೃದಯದ ಎಡಭಾಗದ ಕಡೆ, ಎರಡು ಗೆರೆ ಕತ್ತರಿ ಥರ ಒಂದನ್ನೊಂದು ದಾಟಿದ್ದವು. ಯಾವುದು ಎಡ ಹೃತ್ಕುಕ್ಷಿ, ಯಾವುದು ನಡುಗೋಡೆ ಅಂತ ತಿಳೀತಿರಲಿಲ್ಲ.

"ಮೇಲಿರೋ ಭಾಗದ ಹೆಸರು ಮೇಲೆ, ಕೆಳಗಿರೋದು ಕೆಳಗೆ. ಕ್ರಮದಲ್ಲೇ ಬರೆದಿದೀನಲ್ಲ?" ಅಂದಳು. ಹೌದು, ಬರೆದಿದ್ದಳು. ಆದ್ರೆ ಮಹಾಅಪಧಮನಿಯಿಂದ ಶುರುಮಾಡಿ ಮೊದಲ ಹೆಸರುಗಳನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದರಿಂದ ಜಾಗ ಖಾಲಿಯಾಗಿ, ಕೊನೆಯ ಎರಡು ಹೆಸರು ತಮ್ಮ ಭಾಗಕ್ಕಿಂತ ತುಂಬಾ ಕೆಳಗೆ ಜಾರಿದ್ದವು. ನಡುಗೋಡೆ ಚಿತ್ರದ ಮಧ್ಯದಲ್ಲಿದೆ. ಅಲ್ಲಿಂದ ಹೊರಟ ಗೆರೆ ಓರೆಯಾಗಿ ಇಳಿಯುತ್ತಾ, ಅಂಚಿನ ಹತ್ತಿರ ಇದ್ದ ಹೃತ್ಕುಕ್ಷಿಯ ಚುಕ್ಕಿಗಿಂತ ಕೆಳಗೆ ಬಂದಿತ್ತು. ಹೃತ್ಕುಕ್ಷಿಯ ಗೆರೆ ಇನ್ನೂ ಕೆಳಗಿನ ಹೆಸರಿಗೆ ಹೋಗಬೇಕಲ್ಲ, ಅದನ್ನ ದಾಟಲೇಬೇಕಾಯ್ತು.

ಪರಿಹಾರ ಸುಲಭ: ಆ ಎರಡು ಹೆಸರನ್ನ ಅದಲು ಬದಲು ಮಾಡೋದು. ಸ್ಕೇಲ್‌ನಿಂದ ಅಳೆಸಿದೆ. ಮೊದಲು ಎರಡೂ ಗೆರೆ ಸೇರಿ ಸುಮಾರು 10.2 ಸೆಂ.ಮೀ. ಬದಲಿಸಿದ ಮೇಲೆ 10.1. ಇದು ಆಕಸ್ಮಿಕ ಅಲ್ಲ. ಗೆರೆಗಳು ದಾಟೋ ಜಾಗದಲ್ಲಿ ಎರಡು ತ್ರಿಭುಜ ಆಗುತ್ತವೆ. ತ್ರಿಭುಜದ ಎರಡು ಬಾಹು ಸೇರಿದ್ರೆ ಮೂರನೆಯದಕ್ಕಿಂತ ಉದ್ದ ಇರಲೇಬೇಕು. ಹಾಗಾಗಿ ನೇರ ಗೆರೆ ಆದ್ರೆ ಪ್ರತಿ ಅದಲು ಬದಲಿಗೂ ಒಟ್ಟು ಉದ್ದ ಇಳಿಯುತ್ತೆ. ಒಂದು ಕಡೆ ಬಿಡಿಸಿದಾಗ ಇನ್ನೊಂದು ಕಡೆ ಹೊಸದಾಗಿ ದಾಟಬಹುದು, ಅಲ್ಲೂ ಬದಲಿಸಿ. ಉದ್ದ ಇಳೀತಾನೇ ಹೋಗೋದ್ರಿಂದ ಹಳೇ ಜೋಡಣೆಗೆ ಮತ್ತೆ ಬರೋಕಾಗಲ್ಲ. ಒಂದು ಹಂತದಲ್ಲಿ ಎಲ್ಲಾ ಬಿಡಿಸಿಕೊಳ್ಳುತ್ತೆ.

ಒಂದೇ ತೊಂದರೆ: ಗೆರೆ ಇನ್ನೊಂದು ಭಾಗದ ಚುಕ್ಕಿ ಮೇಲೇ ಹಾದುಹೋಗಬಹುದು. ಆಗ ಚುಕ್ಕಿ ಸರಿಸಬೇಕು. ಹೃತ್ಕುಕ್ಷಿ ದೊಡ್ಡದು, ಅದರೊಳಗೆ ಎಲ್ಲಿಟ್ಟರೂ ನಡೆಯುತ್ತೆ. ನಡುಗೋಡೆ ತೆಳು, ಚುಕ್ಕಿ ಅದರ ಮೇಲೇ ಇರಬೇಕು.

ಎರಡನೇ ಸಲ ಅವಳು ಮೊದಲು ಚುಕ್ಕಿ ಇಟ್ಟಳು. ಆಮೇಲೆ ಅಂಚಿನಲ್ಲಿ 1 ಸೆಂ.ಮೀ. ಅಂತರದಲ್ಲಿ ಪೆನ್ಸಿಲ್ ಗುರುತು ಹಾಕಿದಳು. ಅಷ್ಟು ಅಂತರ ಯಾಕಂದ್ರೆ 'ಹೃತ್ಕುಕ್ಷಿ' ಅಂತ ಬರೆದು ನೋಡಿ, ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತೆ. ಅಕ್ಷರದ ಗಾತ್ರವನ್ನ ಈ ಹೆಸರಿಗೆ ಹೊಂದಿಸಿಕೊಂಡ್ರೆ ಮಿಕ್ಕಿದ್ದೆಲ್ಲ ಅದೇ ಅಳತೆಯಲ್ಲಿ ಕೂರುತ್ತೆ. ಕೊನೆಗೆ ಗೆರೆ, ಗೆರೆ ಸರಿಬಂದ ಮೇಲೆ ಹೆಸರು.

"ಹಂಗಾದ್ರೆ ಮೊದಲು ಹೆಸರು ಬರೆದದ್ದೇ ತಪ್ಪಾ ಮಾಮ?"

ಹೌದು ಕಣೇ. ಪೆನ್ನಲ್ಲಿ ಬರೆದ ಹೆಸರನ್ನ ಅದಲು ಬದಲು ಮಾಡೋದು ಹೇಗೆ?