ಒಂದು ದಿನದ ಮೂತ್ರವೆಂದರೆ ಎಷ್ಟು ಗಂಟೆಯದು?

‘ನಾಳೆ ಇಡೀ ದಿನದ ಮೂತ್ರವನ್ನು ಇದರಲ್ಲಿ ಹಿಡಿದು ತನ್ನಿ’ ಎಂದು ಹೇಳಿ ಐದು ಲೀಟರಿನ ಕ್ಯಾನೊಂದನ್ನು ರೋಗಿಯ ಕೈಗೆ ಕೊಡುವುದು ನಮ್ಮ ಅನೇಕ ಪ್ರಯೋಗಶಾಲೆಗಳ ರೂಢಿ. ಈ ಮಾತಿನಲ್ಲಿ ಎಲ್ಲವೂ ಇದೆ. ಆದರೆ ಅಳತೆ ಎಲ್ಲಿ ಮೊದಲಾಗಬೇಕು, ಎಲ್ಲಿ ಮುಗಿಯಬೇಕು ಎಂಬುದು ಮಾತ್ರ ಇಲ್ಲ. ಈ ಪರೀಕ್ಷೆ ಕೆಟ್ಟಾಗ ತಪ್ಪನ್ನು ರೋಗಿಯ ಅಜಾಗರೂಕತೆಯ ಮೇಲೆ ಹೊರಿಸುವುದುಂಟು. ತಪ್ಪು ಬಹುಮಟ್ಟಿಗೆ ಸೂಚನೆಯದು ಎಂಬುದೇ ನಮ್ಮ ಅಭಿಪ್ರಾಯ.

ಭೌತಶಾಸ್ತ್ರದ ತರಗತಿಯಲ್ಲಿ ಲೋಲಕದ ತೂಗಾಟಗಳನ್ನು ಎಣಿಸಲು ಹೇಳಿದರೆ, ಗಡಿಯಾರವನ್ನು ಒತ್ತಿದ ಕ್ಷಣದಲ್ಲಿಯೇ ‘ಒಂದು’ ಎನ್ನುವ ವಿದ್ಯಾರ್ಥಿಗಳು ಪ್ರತಿವರ್ಷವೂ ಇರುತ್ತಾರೆ. ಅಲ್ಲಿ ‘ಸೊನ್ನೆ’ ಎನ್ನಬೇಕು. ಒಂದು ಪೂರ್ಣ ತೂಗಾಟ ಮುಗಿದ ಮೇಲೆಯೇ ‘ಒಂದು’. ಮೂತ್ರ ಸಂಗ್ರಹದ ಲೆಕ್ಕವೂ ಇದೇ ಬಗೆಯದು. ಬೆಳಗ್ಗೆ 6 ಗಂಟೆಗೆ ಎದ್ದಾಗ ಮೂತ್ರಕೋಶದಲ್ಲಿರುವುದು ಕಳೆದ ರಾತ್ರಿ ತಯಾರಾದದ್ದು. ಅದು ಈ ದಿನದ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಆದುದರಿಂದ ಅದನ್ನು ಪೂರ್ತಿಯಾಗಿ ಹೊರಚೆಲ್ಲಿ, ಗಂಟೆಯನ್ನು ಬರೆದಿಟ್ಟುಕೊಳ್ಳಬೇಕು. ಇದೇ ಸೊನ್ನೆ. ಆಮೇಲೆ ಹಗಲೂ ರಾತ್ರಿಯೂ ಹೋದ ಪ್ರತಿಯೊಂದು ಹನಿಯೂ, ಮಲವಿಸರ್ಜನೆಯ ವೇಳೆ ಹೋಗುವುದೂ ಸೇರಿ, ಕ್ಯಾನಿಗೆ ಬೀಳಬೇಕು. ಮರುದಿನ ಬೆಳಗ್ಗೆ ಸರಿಯಾಗಿ 6 ಗಂಟೆಗೆ, ಒತ್ತಡವಿರಲಿ ಇಲ್ಲದಿರಲಿ, ಮೂತ್ರಕೋಶವನ್ನು ಬರಿದುಮಾಡಿ ಅದನ್ನೂ ಸೇರಿಸಬೇಕು. ಖಾಲಿ ಮೂತ್ರಕೋಶದಿಂದ ಖಾಲಿ ಮೂತ್ರಕೋಶದವರೆಗೆ ಇರುವ ಅವಧಿಯೇ ಇಪ್ಪತ್ತನಾಲ್ಕು ಗಂಟೆ.

ಇದನ್ನು ತಪ್ಪಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 60 ಕಿಲೋಗ್ರಾಂ ತೂಕದ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ಅವರ ಮೂತ್ರದಲ್ಲಿ ದಿನಕ್ಕೆ ಹೋಗುವ ಪ್ರೋಟೀನು 120 ಮಿಲಿಗ್ರಾಂ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಹಾಕುವ ಎಲ್ಲೆ 150. ಸರಳತೆಗಾಗಿ ಗಂಟೆಗೆ 5 ಮಿಲಿಗ್ರಾಂ ಸಮನಾಗಿ ಹೋಗುತ್ತದೆಂದು ಇಟ್ಟುಕೊಳ್ಳೋಣ (ನಿಜವಾಗಿ ಮಲಗಿರುವಾಗ ಸ್ವಲ್ಪ ಕಡಮೆ). ಹಿಂದಿನ ರಾತ್ರಿ 10ಕ್ಕೆ ಮೂತ್ರ ಮಾಡಿ ಮಲಗಿದ ಇವರು ಮೊದಲ ಬೆಳಗಿನ ಮೂತ್ರವನ್ನೂ ಕ್ಯಾನಿಗೆ ಹಾಕಿದರೆ, ಕ್ಯಾನಿನಲ್ಲಿರುವುದು 32 ಗಂಟೆಯ ಮೂತ್ರ. ವರದಿಯಲ್ಲಿ 160 ಮಿಲಿಗ್ರಾಂ ಎಂದು ಬರುತ್ತದೆ. ಮೂತ್ರಪಿಂಡದಲ್ಲಿ ಏನೂ ಆಗದಿದ್ದರೂ ಮನೆಯವರೆಲ್ಲ ಚಿಂತೆಗೆ ಬೀಳುತ್ತಾರೆ.

ಇದನ್ನು ಪತ್ತೆ ಹಚ್ಚುವ ಸಾಧನ ಅದೇ ಕ್ಯಾನಿನಲ್ಲಿದೆ. ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ಎಂಬ ವಸ್ತು ಪ್ರತಿದಿನ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಹೊರಬೀಳುತ್ತದೆ. ವಯಸ್ಕ ಗಂಡಸರಲ್ಲಿ ಇದು ತೂಕದ ಒಂದು ಕಿಲೋಗ್ರಾಮಿಗೆ ಸುಮಾರು 15ರಿಂದ 25 ಮಿಲಿಗ್ರಾಂ. ಹೆಂಗಸರಲ್ಲಿಯೂ ವೃದ್ಧರಲ್ಲಿಯೂ ಇದಕ್ಕಿಂತ ಕಡಮೆ. ನಮ್ಮ ಉಪಾಧ್ಯಾಯರದು ದಿನಕ್ಕೆ 1200 ಮಿಲಿಗ್ರಾಂ ಎನ್ನೋಣ. 32 ಗಂಟೆಯ ಕ್ಯಾನಿನಲ್ಲಿ ಅದು 1600 ಆಗಿ, ಕಿಲೋಗ್ರಾಮಿಗೆ 26ನ್ನು ಮೀರುತ್ತದೆ. ಇದನ್ನು ಕಂಡ ವೈದ್ಯರು ಸಂಗ್ರಹ ಹೆಚ್ಚಾಗಿದೆಯೆಂದು ಸಂದೇಹಪಡುತ್ತಾರೆ. ಪ್ರೋಟೀನನ್ನು ಕ್ರಿಯಾಟಿನಿನಿನಿಂದ ಭಾಗಿಸಿದರಂತೂ 120ಕ್ಕೆ 1200, 160ಕ್ಕೆ 1600, ಎರಡರಲ್ಲಿಯೂ ಹತ್ತರಲ್ಲೊಂದು ಪಾಲೇ ಬರುತ್ತದೆ. ಕಾಲದ ತಪ್ಪು ಮೇಲೂ ಕೆಳಗೂ ಸಮನಾಗಿ ನಿಂತು ಹೊಡೆದುಹೋಗುತ್ತದೆ. ಪ್ರೋಟೀನಿಗಾಗಿ ಈಗ ಅನೇಕ ವೈದ್ಯರು ಕ್ಯಾನನ್ನು ಬಿಟ್ಟು ಒಂದೇ ಸಲದ ಮೂತ್ರದಲ್ಲಿ ಈ ಪ್ರಮಾಣವನ್ನು ನೋಡುವುದು ಇದೇ ಕಾರಣಕ್ಕೆ.

ಆದರೆ ಈ ಕಾವಲುಗಾರನ ಕಣ್ಣು ಅಷ್ಟೇನೂ ಚುರುಕಲ್ಲ. ಅದೇ ಉಪಾಧ್ಯಾಯರು ಶಾಲೆಯಲ್ಲಿ ಆರು ಗಂಟೆಗಳ ಮೂತ್ರವನ್ನು ಸಂಕೋಚದಿಂದಲೋ ಮರೆವಿನಿಂದಲೋ ಕಳೆದರೆನ್ನಿ. ಕ್ರಿಯಾಟಿನಿನ್ 900ಕ್ಕೆ ಇಳಿಯುತ್ತದೆ, ಕಿಲೋಗ್ರಾಮಿಗೆ 15. ಇದು ಎಲ್ಲೆಯೊಳಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೂತ್ರದ ಕಲ್ಲಿನ ಪರೀಕ್ಷೆಯಲ್ಲಿ ಈ ನಷ್ಟ ಹೆಚ್ಚು ಅಪಾಯಕರ. ಅವರಿಗೆ ನಿಜವಾಗಿ ದಿನಕ್ಕೆ 280 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗುತ್ತಿದ್ದರೆ ವರದಿ 210 ಎನ್ನುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಇಡುವ 250ರ ಎಲ್ಲೆಯ ಕೆಳಗೆ ಅದು ನಿರಪಾಯವಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಎರಡು ಲೀಟರು ಒಂದೂವರೆಯಾಗಿ, ನೀರು ಕುಡಿಯುವುದೇ ಸಾಲದೆಂಬ ಬೈಗುಳವೂ ಸಿಗಬಹುದು. ಎರಡು ಬೇರೆ ಬೇರೆ ದಿನಗಳ ಸಂಗ್ರಹವನ್ನು ಹೋಲಿಸಿದರೆ ಮಾತ್ರ ಇಂಥ ಕಳವು ಬಯಲಾಗುತ್ತದೆ: ಒಬ್ಬರದೇ ಕ್ರಿಯಾಟಿನಿನ್ ಒಮ್ಮೆ 1200, ಮತ್ತೊಮ್ಮೆ 900 ಆದರೆ ಎರಡರಲ್ಲೊಂದು ಸುಳ್ಳು. ಒಂದು ಸಲದ್ದು ಚೆಲ್ಲಿಹೋದುದು ಗೊತ್ತಾದಾಗ ಅಂದಾಜಿನ ಮೇಲೆ ಏನನ್ನೂ ಸೇರಿಸದೆ, ಎಲ್ಲವನ್ನೂ ಚೆಲ್ಲಿ ಮರುದಿನ ಹೊಸದಾಗಿ ಆರಂಭಿಸುವುದೇ ಸರಿ.

ಕಲ್ಲಿನ ಪರೀಕ್ಷೆಗೆ ಜನರು ಭಾನುವಾರವನ್ನೇ ಆರಿಸುತ್ತಾರೆ; ಮನೆಯಲ್ಲಿರುವುದು ಸುಲಭ. ಆದರೆ ವಾರದ ಆರು ದಿನ ಬಿಸಿಲಿನಲ್ಲಿ ಬೆವರಿ, ನೀರಿಗೆ ಅವಕಾಶವಿಲ್ಲದೆ ದುಡಿಯುವವರ ಕಲ್ಲು ಬೆಳೆಯುವುದು ಆ ಆರು ದಿನಗಳಲ್ಲಿ. ಒಂದು ಸಂಗ್ರಹ ರಜೆಯ ದಿನದ್ದೂ ಇನ್ನೊಂದು ಕೆಲಸದ ದಿನದ್ದೂ ಆದರೆ ಚಿತ್ರ ಪೂರ್ಣವಾಗುತ್ತದೆ. ಪರೀಕ್ಷೆಯ ದಿನವೆಂದು ವಿಶೇಷವಾಗಿ ನೀರು ಕುಡಿಯುವುದೂ ಪಥ್ಯ ಹಿಡಿಯುವುದೂ ಬೇಡ. ತಿಳಿಯಬೇಕಾದುದು ಎಂದಿನ ದಿನದ ಸ್ಥಿತಿ.

ಕ್ಯಾನಿನ ತಳದಲ್ಲಿ ಸ್ವಲ್ಪ ದ್ರವವಿದ್ದರೆ ಅದನ್ನು ತೊಳೆದುಬಿಡುವ ಶುಚಿವಂತರೂ ಇದ್ದಾರೆ! ಕ್ಯಾಲ್ಸಿಯಮ್ಮಿನ ಹರಳುಗಳು ತಳಕ್ಕೆ ಕೂಡದಂತೆ ಕರಗಿಸಿಡಲು ಹಾಕಿದ ಹೈಡ್ರೋಕ್ಲೋರಿಕ್ ಆಮ್ಲ ಅದಾಗಿರಬಹುದು. ಅದು ಚರ್ಮವನ್ನು ಸುಡುವುದರಿಂದ ನೇರವಾಗಿ ಕ್ಯಾನಿಗೆ ಮೂತ್ರ ಮಾಡದೆ, ಒಣಗಿದ ಮಗ್ಗಿನಲ್ಲಿ ಹಿಡಿದು ಮೆಲ್ಲನೆ ಹೊಯ್ಯಬೇಕು. ಪ್ರೋಟೀನಿನ ಪರೀಕ್ಷೆಗೆ ಆಮ್ಲ ಸಲ್ಲದು. ಯೂರಿಕ್ ಆಮ್ಲವಂತೂ ಹುಳಿಯಾದ ಮೂತ್ರದಲ್ಲಿ ಹರಳಾಗಿ ಕೆಳಗಿಳಿಯುತ್ತದೆ. ಆದುದರಿಂದ ಒಂದು ಪರೀಕ್ಷೆಯ ಕ್ಯಾನನ್ನು ಇನ್ನೊಂದಕ್ಕೆ ಬಳಸಕೂಡದು. ಕ್ಯಾನು ಫ್ರಿಜ್ಜಿನಲ್ಲೋ ಮಂಜುಗಡ್ಡೆಯ ಬಕೆಟಿನಲ್ಲೋ ಇರಲಿ. ಇಡೀ ಕ್ಯಾನನ್ನು ಒಯ್ಯಬೇಕು. ಮೇಲಿನಿಂದ ಒಂದು ಸೀಸೆ ತುಂಬಿ ಒಯ್ದರೆ ಒಟ್ಟು ಅಳತೆಯೂ ಇಲ್ಲ, ತಳದ ಹರಳೂ ಇಲ್ಲ.

ಸೋಂಕಿನ ಪರೀಕ್ಷೆಯಲ್ಲಿ ಪ್ರಶ್ನೆಯೇ ಬೇರೆ. ಅಲ್ಲಿ ಎಲ್ಲವೂ ಬೇಕಿಲ್ಲ. ನಡುವಿನದು ಮಾತ್ರ ಬೇಕು. ಕೈ ತೊಳೆದು, ಹೆಂಗಸರು ಯೋನಿಯ ತುಟಿಗಳನ್ನು ಬಿಡಿಸಿ ಮುಂದಿನಿಂದ ಹಿಂದಕ್ಕೆ ಒರಸಿಕೊಂಡು, ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ಶುಚಿಮಾಡಿಕೊಂಡು, ಮೊದಲ ಧಾರೆಯನ್ನು ಹೊರಗೆ ಬಿಡಬೇಕು. ಮೂತ್ರನಾಳದ ಬಾಯಲ್ಲಿರುವ ಜೀವಾಣುಗಳು ಅದರೊಡನೆ ಹೋಗುತ್ತವೆ. ಧಾರೆಯನ್ನು ನಿಲ್ಲಿಸದೆಯೇ ಸೀಸೆಯನ್ನು ಒಡ್ಡಿ, ಸ್ವಲ್ಪ ಹಿಡಿದು, ತೆಗೆಯಬೇಕು. ಸೀಸೆಯ ಒಳಗನ್ನಾಗಲಿ ಮುಚ್ಚಳದ ಒಳಭಾಗವನ್ನಾಗಲಿ ಮುಟ್ಟಬಾರದು. ಎರಡು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಏಕೆಂದರೆ ಅನುಕೂಲವಾದ ಬಿಸುಪಿನಲ್ಲಿ ಕೆಲವು ಜೀವಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲವು. ಮಿಲಿಲೀಟರಿಗೆ 200 ಇದ್ದುದು ಮೂರು ಗಂಟೆಯಲ್ಲಿ ಒಂಬತ್ತು ಸಲ ಇಮ್ಮಡಿಸಿ 1,02,400 ಆಗುತ್ತದೆ. ಸೋಂಕಿನ ಗುರುತೆಂದು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ ಒಂದು ಲಕ್ಷ! ಹಲವು ಬಗೆಯ ಜೀವಾಣುಗಳು ಒಟ್ಟಿಗೆ ಬೆಳೆದಿವೆಯೆಂದು ವರದಿ ಬಂದರೆ ರೋಗಕ್ಕಿಂತ ಮೊದಲು ಸಂಗ್ರಹವನ್ನೇ ಸಂದೇಹಿಸಬೇಕು.

ಪ್ರಯೋಗಶಾಲೆಗಳಲ್ಲಿ ನಾವು ಕೇಳುವುದು ದೊಡ್ಡದೇನೂ ಅಲ್ಲ. ಕ್ಯಾನಿನ ಮೇಲೆ ಕನ್ನಡದ ಚೀಟಿಯೊಂದನ್ನು ಅಂಟಿಸಲಿ. ಅದರಲ್ಲಿ ‘ಹೊರಚೆಲ್ಲಿದ ಗಂಟೆ’, ‘ಕೊನೆಯದನ್ನು ಸೇರಿಸಿದ ಗಂಟೆ’, ‘ತಪ್ಪಿಹೋದದ್ದು ಉಂಟೆ?’ ಎಂಬ ಮೂರು ಖಾಲಿ ಸಾಲುಗಳಿರಲಿ. ವರದಿಯಲ್ಲಿ ಪ್ರೋಟೀನು ಅಥವಾ ಕ್ಯಾಲ್ಸಿಯಮ್ಮಿನ ಪಕ್ಕದಲ್ಲಿ ಒಟ್ಟು ಮೂತ್ರದ ಅಳತೆಯನ್ನೂ ಕ್ರಿಯಾಟಿನಿನನ್ನೂ, ವೈದ್ಯರು ಕೇಳಿರಲಿ ಬಿಡಲಿ, ಬರೆದುಕೊಡಲಿ. ಇವೆರಡೂ ಇಲ್ಲದ ವರದಿ ಕೈಗೆ ಬಂದರೆ, ಅವನ್ನೂ ಬರೆದುಕೊಡಿರೆಂದು ಓದುಗರು ಅಲ್ಲಿಯೇ ಕೇಳಬಹುದು. ಕ್ಯಾನನ್ನು ಚೆಲ್ಲುವ ಮುನ್ನ ಕೇಳಬೇಕು, ಅಷ್ಟೆ.